ಒಡವೆಯೋ, ಡಿಜಿಟಲ್ ಚಿನ್ನವೋ, ಗೋಲ್ಡ್ ಫಂಡೋ: ಎಂಟು ಗ್ರಾಂ ಸರದ ಲೆಕ್ಕ

ಅಕ್ಷಯ ತೃತೀಯಕ್ಕೆ ವಾರ ಇದೆ ಅನ್ನುವಾಗ ನನಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಅಕ್ಕಾ, ಕೈಯಲ್ಲಿ ಒಂದು ಲಕ್ಷ ಇದೆ. ಮಗಳು ಪಿಯುಸಿ ಓದ್ತಿದ್ದಾಳೆ. ಅವಳ ಮದುವೆಗೆ ಅಂತ ಈಗಲೇ ಒಂದು ಸರ ಮಾಡಿಸಿ ಇಡಲಾ, ಇಲ್ಲ ಫೋನಲ್ಲೇ ಡಿಜಿಟಲ್ ಚಿನ್ನ ತಗೊಳ್ಳಲಾ? ಗೋಲ್ಡ್ ಫಂಡ್ ಅಂತಾರಲ್ಲ, ಅದು ಹೇಗೆ?" ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ, ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಇಡುತ್ತಿದ್ದೇನೆ. ಪೇಪರ್, ಪೆನ್ನು ಪಕ್ಕದಲ್ಲಿಟ್ಟುಕೊಳ್ಳಿ. ಲೆಕ್ಕ ಮಾಡದೆ ಇದಕ್ಕೆ ಉತ್ತರ ಇಲ್ಲ.

ಚಿನ್ನದ ರೇಟು ದಿನಾ ಬದಲಾಗುವುದರಿಂದ ಇಡೀ ಲೇಖನಕ್ಕೆ ಒಂದು ರೇಟು ಹಿಡಿದುಕೊಳ್ಳೋಣ. 24 ಕ್ಯಾರಟ್ ಗ್ರಾಂಗೆ 12,000 ರೂಪಾಯಿ, 22 ಕ್ಯಾರಟ್ ಗ್ರಾಂಗೆ 11,000. ಇದು ಇವತ್ತಿನ ರೇಟು ಅಲ್ಲ, ಲೆಕ್ಕ ಸುಲಭವಾಗಲಿ ಅಂತ ಇಟ್ಟಿದ್ದು. ನೀವು ಮಾಡುವಾಗ ಆ ದಿನದ ರೇಟು ಹಾಕಿಕೊಳ್ಳಿ.

ಹಂತ 1: ಈ ಚಿನ್ನ ಕೊನೆಗೆ ಏನಾಗಬೇಕು ಅಂತ ತೀರ್ಮಾನಿಸಿ

ಚಿನ್ನಕ್ಕೆ ಕೊನೆಗೆ ಮೂರೇ ದಾರಿ. ಹಾಕಿಕೊಳ್ಳುತ್ತೀರಿ, ಅಡ ಇಡುತ್ತೀರಿ, ಇಲ್ಲವೇ ಮಾರುತ್ತೀರಿ. ಯಾವುದು ಲಾಭ ಅಂತ ಕೇಳುವ ಮುಂಚೆ ಇದನ್ನು ತೀರ್ಮಾನಿಸಿ, ಯಾಕೆಂದರೆ ಉತ್ತರ ಇದರ ಮೇಲೇ ನಿಂತಿದೆ.

ಅಡ ಇಡುವ ವಿಷಯ ಮೊದಲು ಮುಗಿಸುತ್ತೇನೆ, ಅದು ಚಿಕ್ಕದು. ಬಿತ್ತನೆ ಸಮಯಕ್ಕೋ, ಮಕ್ಕಳ ಫೀಸಿಗೋ ಚಿನ್ನ ಅಡ ಇಟ್ಟು ಸಾಲ ತೆಗೆಯುವ ಮನೆ ನಿಮ್ಮದಾದರೆ ಒಡವೆಯೇ ಬೇಕು. 2025ರ ಜೂನ್‌ನಲ್ಲಿ ಆರ್‌ಬಿಐ ಹೊರಡಿಸಿದ ನಿಯಮದ ಪ್ರಕಾರ ಚಿನ್ನದ ಗಟ್ಟಿಯ ಮೇಲಾಗಲಿ, ಷೇರು ಪೇಟೆಯಲ್ಲಿ ಸಿಗುವ ಗೋಲ್ಡ್ ಇಟಿಎಫ್ ಅಥವಾ ಗೋಲ್ಡ್ ಫಂಡಿನ ಯೂನಿಟ್ ಮೇಲಾಗಲಿ ಬ್ಯಾಂಕು, ಫೈನಾನ್ಸ್ ಕಂಪನಿಗಳು ಸಾಲ ಕೊಡುವಂತಿಲ್ಲ. ಫೋನಿನಲ್ಲಿರುವ ಚಿನ್ನವನ್ನು ಮಾರಬಹುದು, ಅಡ ಇಡುತ್ತೇನೆ ಅಂತ ನಂಬಿಕೊಂಡು ಕೂರಬೇಡಿ.

ಇನ್ನು ಹಾಕಿಕೊಳ್ಳುವುದು, ಮಾರುವುದು. ಇದಕ್ಕೆ ಮೊದಲು ಖರ್ಚು ಎಲ್ಲೆಲ್ಲಿ ಅಡಗಿದೆ ಅಂತ ನೋಡಬೇಕು.

ಹಂತ 2: ಅಂಗಡಿಯ ಬಿಲ್ಲನ್ನು ಬಿಡಿಸಿ ನೋಡಿ

ಎಂಟು ಗ್ರಾಂ, ಅಂದರೆ ಒಂದು ಪವನ್ ತೂಕದ ಸರ ತಗೊಂಡಿದ್ದೀರಿ ಅಂದುಕೊಳ್ಳಿ. ಕಲ್ಲಿಲ್ಲ, ಸಾದಾ ಸರ, 22 ಕ್ಯಾರಟ್. ಮೇಕಿಂಗ್ ಚಾರ್ಜ್ 12%. ಬಿಲ್ಲು ಹೀಗಿರುತ್ತದೆ.

ಚಿನ್ನ 8 ಗ್ರಾಂ × 11,000 = 88,000
ಮೇಕಿಂಗ್ 12% = 10,560
ಜಿಎಸ್‌ಟಿ 3% (ಚಿನ್ನ, ಮೇಕಿಂಗ್ ಎರಡೂ ಸೇರಿದ ಮೊತ್ತದ ಮೇಲೆ) = 2,957
ಹಾಲ್‌ಮಾರ್ಕ್ ಶುಲ್ಕ 45 ರೂಪಾಯಿ, ಅದಕ್ಕೆ ತೆರಿಗೆ ಸೇರಿ = 53
ಒಟ್ಟು = 1,01,570

ಈಗ ಇದೇ ಸರವನ್ನು ಮಾರನೇ ದಿನ, ರೇಟು ಒಂದು ರೂಪಾಯಿಯೂ ಬದಲಾಗದೆ ಇರುವಾಗ ಮಾರಲು ಹೋದರೆ? ಮೇಕಿಂಗ್ ವಾಪಸ್ ಬರುವುದಿಲ್ಲ, ಜಿಎಸ್‌ಟಿಯೂ ಬರುವುದಿಲ್ಲ. ಒಂದು ಪೈಸೆ ಕಡಿಮೆ ಮಾಡದೆ ಕೊಂಡರೂ 88,000. ನಗದು ಬೇಕು ಅಂದರೆ ಎಷ್ಟೋ ಅಂಗಡಿಗಳು ಅದರಲ್ಲೂ ಎರಡು ಪರ್ಸೆಂಟ್ ಹಿಡಿದುಕೊಳ್ಳುತ್ತವೆ, ಆಗ 86,240. ಅಂದರೆ ಮನೆಗೆ ತಂದ ಕ್ಷಣದಲ್ಲೇ 13ರಿಂದ 15 ಸಾವಿರ ಹೋಗಿರುತ್ತದೆ. ಚಿನ್ನದ ರೇಟು ಹೆಚ್ಚುಕಡಿಮೆ 15% ಏರಿದ ಮೇಲೆಯೇ ನಿಮ್ಮ ಹಾಕಿದ ಹಣ ನಿಮಗೆ ಸಿಗುವುದು.

ಸಾದಾ ಸರಕ್ಕೆ, ಬಳೆಗೆ ಇಷ್ಟು. ನಕಾಸಿ ಕೆಲಸ, ಲಕ್ಷ್ಮೀ ಹಾರ, ಆಂಟಿಕ್ ಸೆಟ್ ಅಂದರೆ ಮೇಕಿಂಗ್ 20 ದಾಟುವುದು ಮಾಮೂಲು. ಅದು ತಪ್ಪು ಅಂತ ನಾನು ಹೇಳುತ್ತಿಲ್ಲ, ಅಕ್ಕಸಾಲಿಗನ ಕೆಲಸಕ್ಕೆ ಬೆಲೆ ಇದ್ದೇ ಇದೆ. ಆದರೆ ಅದು ಒಡವೆಯ ಬೆಲೆ, ಚಿನ್ನದ ಬೆಲೆ ಅಲ್ಲ. ಎರಡನ್ನೂ ಕಲಸಿ "ಚಿನ್ನದ ಮೇಲೆ ಹಾಕಿದ್ದೀನಿ" ಅಂದುಕೊಳ್ಳುವುದೇ ಸಮಸ್ಯೆ.

ಬಿಲ್ಲಿನಲ್ಲಿ ಜನ ಎಡವುವ ಜಾಗಗಳು ಇವು:

ಒಂದು, ವೇಸ್ಟೇಜ್ ಮತ್ತು ಮೇಕಿಂಗ್ ಎರಡನ್ನೂ ಹಾಕಿರುತ್ತಾರೆ. ವೇಸ್ಟೇಜ್ ಅಂದರೆ ಒಡವೆ ಮಾಡುವಾಗ ಕತ್ತರಿಸಿ, ತಿಕ್ಕಿ ಸವೆದ ಚಿನ್ನದ ಲೆಕ್ಕ. "ಮೇಕಿಂಗ್ ಬರೀ 5% ಮೇಡಂ" ಅಂತ ಹೇಳಿ, ಕೆಳಗೆ 10% ವೇಸ್ಟೇಜ್ ಬರೆದರೆ ನಿಮಗೆ 15% ಬಿತ್ತು. ಎರಡನ್ನೂ ಕೂಡಿಸಿ ಒಂದೇ ಅಂಕಿ ಹೇಳಲು ಕೇಳಿ, ಆಮೇಲೆ ಬೇರೆ ಅಂಗಡಿಗೆ ಹೋಲಿಸಿ.

ಎರಡು, ಕಲ್ಲಿನ ತೂಕ. ಕಲ್ಲಿನ ಓಲೆ ತಕ್ಕಡಿಯಲ್ಲಿ 10 ಗ್ರಾಂ ತೂಗಿತು, ಅದರಲ್ಲಿ ಕಲ್ಲೇ ಒಂದೂವರೆ ಗ್ರಾಂ. ಚಿನ್ನದ ರೇಟು ಬೀಳಬೇಕಾದ್ದು ಎಂಟೂವರೆ ಗ್ರಾಂಗೆ ಮಾತ್ರ. ಹತ್ತಕ್ಕೂ ಹಾಕಿದರೆ ಗಾಜಿನ ಕಲ್ಲಿಗೆ 16,500 ರೂಪಾಯಿ ಕೊಟ್ಟಂತಾಯಿತು. ಬಿಲ್ಲಿನಲ್ಲಿ ಗ್ರಾಸ್ ವೇಟ್ (ಒಟ್ಟು ತೂಕ) ಬೇರೆ, ನೆಟ್ ವೇಟ್ (ಬರೀ ಚಿನ್ನದ ತೂಕ) ಬೇರೆ ಬರೆದಿರಬೇಕು.

ಮೂರು, ಒಳಗಿರುವ ಅರಗು. ನಮ್ಮ ಅಮ್ಮನ ಹಳೇ ಗುಂಡಿನ ಸರ ಒಂದಿತ್ತು. ತಕ್ಕಡಿಯಲ್ಲಿ 24 ಗ್ರಾಂ. ಬದಲಾಯಿಸೋಣ ಅಂತ ತಗೊಂಡು ಹೋದಾಗ ನಮ್ಮೆದುರೇ ಕರಗಿಸಿದರು, ಗುಂಡುಗಳ ಒಳಗಿದ್ದ ಅರಗೆಲ್ಲ ಹೊಗೆಯಾಗಿ ಹೋಗಿ ಉಳಿದದ್ದು 19 ಗ್ರಾಂ. ಕೊಂಡಾಗ ಅಮ್ಮ 24ಕ್ಕೂ ದುಡ್ಡು ಕೊಟ್ಟಿದ್ದರು. ಪೊಳ್ಳು ಗುಂಡು, ದಪ್ಪ ಬಳೆ, ಟೊಳ್ಳು ಜುಮುಕಿ ಕೊಳ್ಳುವಾಗ "ಒಳಗೆ ಏನು ತುಂಬಿದ್ದೀರಿ, ಅದರ ತೂಕ ಕಳೆದಿದ್ದೀರಾ" ಅಂತ ಬಾಯಿ ಬಿಟ್ಟು ಕೇಳಿ.

ಕೊನೆಯದಾಗಿ, ದುಡ್ಡು ಕೊಡುವ ಮುಂಚೆ ಇನ್ನೊಂದು ಪ್ರಶ್ನೆ ಕೇಳಿ: "ಇದನ್ನೇ ವಾಪಸ್ ತಂದರೆ ನಗದಿಗೆ ಎಷ್ಟು ಕಡಿಮೆ ಮಾಡುತ್ತೀರಿ, ಬದಲಿಗೆ ಎಷ್ಟು?" ಉತ್ತರವನ್ನು ಬಿಲ್ಲಿನ ಹಿಂದೆ ಬರೆಸಿ ಸಹಿ ಹಾಕಿಸಿಕೊಳ್ಳಿ. ಬರೆದುಕೊಡಲು ಹಿಂದೇಟು ಹಾಕಿದರೆ ಅದೂ ಒಂದು ಉತ್ತರವೇ.

ಹಂತ 3: ಹಾಲ್‌ಮಾರ್ಕನ್ನು ನೀವೇ ಪರೀಕ್ಷಿಸಿ

"ಹಾಲ್‌ಮಾರ್ಕ್ ಇದೆ" ಅಂತ ಅಂಗಡಿಯವರು ಹೇಳಿದ ಮಾತ್ರಕ್ಕೆ ಮುಗಿಯಲಿಲ್ಲ. 2023ರ ಏಪ್ರಿಲ್ 1ರಿಂದ ಅಂಗಡಿಯಲ್ಲಿ ಮಾರುವ ಹಾಲ್‌ಮಾರ್ಕ್ ಒಡವೆಯ ಮೇಲೆ ಮೂರು ಗುರುತು ಇರಲೇಬೇಕು: ಗುಣಮಟ್ಟ ನೋಡುವ ಸರ್ಕಾರಿ ಸಂಸ್ಥೆ ಬಿಐಎಸ್‌ನ ತ್ರಿಕೋನದಂತಿರುವ ಲಾಂಛನ, ಶುದ್ಧತೆಯ ಗುರುತು, ಮತ್ತು ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ. ಎಚ್‌ಯುಐಡಿ ಅಂದರೆ ಆ ಒಂದು ಒಡವೆಗೆ ಮಾತ್ರ ಕೊಟ್ಟ ನಂಬರು, ನಮ್ಮ ಗಾಡಿಯ ನಂಬರ್ ಪ್ಲೇಟ್ ಇದ್ದ ಹಾಗೆ. ಶುದ್ಧತೆ 22K916 ಅಂತಿದ್ದರೆ ಸಾವಿರ ಪಾಲಿನಲ್ಲಿ 916 ಪಾಲು ಚಿನ್ನ. 18 ಕ್ಯಾರಟ್‌ಗೆ 750 ಅಂತಿರುತ್ತದೆ.

ಈ ಗುರುತು ಬರಿಗಣ್ಣಿಗೆ ಕಾಣುವುದಿಲ್ಲ. ಸರದಲ್ಲಾದರೆ ಕೊಂಡಿಯ ಹತ್ತಿರ, ಬಳೆಯಲ್ಲಾದರೆ ಒಳಮೈಯಲ್ಲಿ ಒಂದು ಗೀರಿನ ಹಾಗೆ ಇರುತ್ತದೆ. ಅಂಗಡಿಯಲ್ಲಿ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇಡಬೇಕು ಅಂತ ನಿಯಮವೇ ಇದೆ. ಕೇಳಿ ಇಸ್ಕೊಳ್ಳಿ, ನಾಚಿಕೆ ಬೇಡ.

ನಂಬರು ಓದಿದ ಮೇಲೆ ಫೋನಿನಲ್ಲಿ BIS Care ಆ್ಯಪ್ ತೆರೆದು Verify HUID ಒತ್ತಿ, ಆ ಆರು ಅಕ್ಷರ ಹಾಕಿ. ಯಾವ ಕೇಂದ್ರದಲ್ಲಿ ಯಾವತ್ತು ಹಾಲ್‌ಮಾರ್ಕ್ ಆಯಿತು, ಶುದ್ಧತೆ ಎಷ್ಟು, ಒಡವೆ ಯಾವ ಬಗೆಯದು ಅಂತ ಬರುತ್ತದೆ. ತುಂಬಾ ಜನ ಇಲ್ಲಿ ಶುದ್ಧತೆ ನೋಡಿ ಆ್ಯಪ್ ಮುಚ್ಚಿಬಿಡುತ್ತಾರೆ. ಒಡವೆಯ ಬಗೆ ನೋಡಿ. ನಿಮ್ಮ ಕೈಯಲ್ಲಿರುವುದು ಸರ, ಆ್ಯಪ್ ಉಂಗುರ ಅನ್ನುತ್ತಿದ್ದರೆ ಆ ನಂಬರು ಇನ್ಯಾವುದೋ ಒಡವೆಯದ್ದು. ಅಲ್ಲೇ ಕೆಳಗಿಟ್ಟು ಎದ್ದು ಬನ್ನಿ.

ಎರಡು ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ, ಕುಂದನ್, ಪೋಲ್ಕಿ ಕೆಲಸದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯ ಇಲ್ಲ. ಚಿಕ್ಕ ಮೂಗುಬೊಟ್ಟಿನಲ್ಲಿ ಗುರುತು ಇಲ್ಲ ಅಂತ ಗಾಬರಿ ಬೇಡ.

ಆಮೇಲೂ ಅನುಮಾನ ಉಳಿದರೆ ಬಿಐಎಸ್ ಮಾನ್ಯತೆ ಇರುವ ಹಾಲ್‌ಮಾರ್ಕಿಂಗ್ ಕೇಂದ್ರಕ್ಕೆ ನೀವೇ ಒಡವೆ ಒಯ್ದು ಪರೀಕ್ಷೆ ಮಾಡಿಸಬಹುದು. ನಾಲ್ಕು ಒಡವೆಯವರೆಗೆ ಶುಲ್ಕ 200 ರೂಪಾಯಿ. ಹಾಲ್‌ಮಾರ್ಕ್ ಹಾಕಿದ್ದಕ್ಕಿಂತ ಶುದ್ಧತೆ ಕಡಿಮೆ ಬಂದರೆ, ಎಷ್ಟು ಕೊರತೆಯೋ ಆ ಮೊತ್ತದ ಎರಡು ಪಟ್ಟು ಮತ್ತು ಪರೀಕ್ಷೆಯ ಖರ್ಚು ನಿಮಗೆ ಸಿಗಬೇಕು ಅಂತ 2018ರ ಬಿಐಎಸ್ ನಿಯಮದಲ್ಲಿದೆ. ಇದಕ್ಕೆ ಪಕ್ಕಾ ಬಿಲ್ಲು ಬೇಕೇ ಬೇಕು. "ಬಿಲ್ ಬೇಡ ಅಂದರೆ ಜಿಎಸ್‌ಟಿ ಉಳಿಯುತ್ತೆ" ಅನ್ನುವ ಮಾತಿಗೆ ಮರುಳಾಗಬೇಡಿ. ಮೂರು ಸಾವಿರ ಉಳಿಸಲು ಹೋಗಿ ಕೇಳುವ ಹಕ್ಕನ್ನೇ ಬಿಟ್ಟುಕೊಟ್ಟಂತೆ.

ಹಂತ 4: ಡಿಜಿಟಲ್ ಚಿನ್ನ ಅಂದರೆ ಏನು ಕೊಳ್ಳುತ್ತಿದ್ದೀರಿ ಅಂತ ತಿಳಿಯಿರಿ

ಯುಪಿಐ ಆ್ಯಪ್‌ನಲ್ಲಿ ಹತ್ತು ರೂಪಾಯಿಗೂ ಚಿನ್ನ ಅಂತ ತೋರಿಸುತ್ತದಲ್ಲ, ಆ ಆ್ಯಪ್ ಬರೀ ಅಂಗಡಿಯ ಬಾಗಿಲು. ಒಳಗೆ ಮಾರುವವರು ಬೇರೆ. ಎಂಎಂಟಿಸಿ-ಪ್ಯಾಂಪ್, ಸೇಫ್‌ಗೋಲ್ಡ್, ಆಗ್ಮಾಂಟ್ ಈ ಕ್ಷೇತ್ರದ ದೊಡ್ಡ ಹೆಸರುಗಳು. ನೀವು ಕೊಟ್ಟ ಹಣಕ್ಕೆ ಅಷ್ಟು 24 ಕ್ಯಾರಟ್ ಚಿನ್ನವನ್ನು ನಿಮ್ಮ ಹೆಸರಲ್ಲಿ ಖಜಾನೆಯಲ್ಲಿ ಇಡುತ್ತೇವೆ ಅಂತ ಆ ಕಂಪನಿ ಹೇಳುತ್ತದೆ.

ಖರ್ಚು ನೋಡೋಣ. ಸರಕ್ಕೆ ಕೊಟ್ಟಷ್ಟೇ ಹಣ, 1,01,570 ಇಲ್ಲಿ ಹಾಕಿ. ಮೊದಲು 3% ಜಿಎಸ್‌ಟಿ ಹೋಗುತ್ತದೆ, ಚಿನ್ನಕ್ಕೆ ಉಳಿಯುವುದು 98,612. ಆಮೇಲೆ ಕೊಳ್ಳುವ ರೇಟು ಬೇರೆ, ಮಾರುವ ರೇಟು ಬೇರೆ. ಈ ಅಂತರಕ್ಕೆ ಸ್ಪ್ರೆಡ್ ಅನ್ನುತ್ತಾರೆ. ಅದು ಮೂರು ಪರ್ಸೆಂಟ್ ಅಂತಿಟ್ಟುಕೊಳ್ಳಿ: ಕೊಳ್ಳಲು ಗ್ರಾಂಗೆ 12,180, ಮಾರಲು 11,820. ನಿಮ್ಮ ಖಾತೆಗೆ 8.096 ಗ್ರಾಂ ಬಂತು. ಮಾರನೇ ದಿನ ಮಾರಿದರೆ ಕೈಗೆ ಬರುವುದು ಸುಮಾರು 95,700. ಹೋದದ್ದು 5,900 ಹತ್ತಿರ. ಒಡವೆಗಿಂತ ಅರ್ಧಕ್ಕೂ ಕಡಿಮೆ ನಷ್ಟ. ಆದರೆ "ಮೇಕಿಂಗ್ ಇಲ್ಲ, ಖರ್ಚೇ ಇಲ್ಲ" ಅನ್ನುವುದೂ ಸುಳ್ಳು. ಆ್ಯಪ್ ತೆರೆದು Buy ಮತ್ತು Sell ಎರಡೂ ಒತ್ತಿ, ಎರಡು ರೇಟನ್ನೂ ಬರೆದುಕೊಂಡು ಕಳೆದು ನೋಡಿ. ಒಂದು ನಿಮಿಷದ ಕೆಲಸ.

ನನಗೆ ಇದರಲ್ಲಿ ಹಿಡಿಸದೇ ಇರುವುದು ಖರ್ಚಲ್ಲ. ಇದರ ಮೇಲೆ ಕಾವಲಿಲ್ಲ. ಷೇರು, ಮ್ಯೂಚುವಲ್ ಫಂಡುಗಳನ್ನು ಕಾಯುವ ಸರ್ಕಾರಿ ಸಂಸ್ಥೆ ಸೆಬಿ 2025ರ ನವೆಂಬರ್ 8ರಂದು ಸಾರ್ವಜನಿಕ ಎಚ್ಚರಿಕೆ ಕೊಟ್ಟಿತು. ಡಿಜಿಟಲ್ ಚಿನ್ನ ತನ್ನ ನಿಯಂತ್ರಣದಲ್ಲಿ ಇಲ್ಲ, ಇದರಲ್ಲಿ ಏನಾದರೂ ಆದರೆ ಷೇರು, ಮ್ಯೂಚುವಲ್ ಫಂಡ್ ಹೂಡಿಕೆದಾರರಿಗೆ ಇರುವ ರಕ್ಷಣೆ ಸಿಗುವುದಿಲ್ಲ ಅನ್ನುವುದು ಅದರ ತಿರುಳು. ದೊಡ್ಡ ಕಂಪನಿಗಳು ಸ್ವತಂತ್ರ ಟ್ರಸ್ಟಿ ಇಟ್ಟುಕೊಂಡಿರುತ್ತವೆ, ಖಜಾನೆಯ ಆಡಿಟ್ ಮಾಡಿಸುತ್ತವೆ, ನಿಜ. ಆದರೆ ಅದು ಅವರು ತಾವಾಗಿ ಮಾಡುವ ಏರ್ಪಾಡು.

ಹಾಗಾಗಿ ಕೊಳ್ಳಲೇಬೇಕು ಅಂದರೆ ಷರತ್ತಿನ ಪುಟದಲ್ಲಿ ಮೂರು ವಿಷಯ ಹುಡುಕಿ. ಮಾರುವ ಕಂಪನಿ ಯಾವುದು. ಎಷ್ಟು ವರ್ಷ ಪುಕ್ಕಟೆ ಇಟ್ಟುಕೊಳ್ಳುತ್ತಾರೆ (ಕೆಲವು ಕಡೆ ಐದು ವರ್ಷದ ಮಿತಿ ಇದೆ, ಆಮೇಲೆ ಮಾರಬೇಕು ಅಥವಾ ನಾಣ್ಯವಾಗಿ ತರಿಸಿಕೊಳ್ಳಬೇಕು). ನಾಣ್ಯ ತರಿಸಿಕೊಂಡರೆ ತಯಾರಿಕೆಗೆ, ಕೊರಿಯರ್‌ಗೆ ಎಷ್ಟು. ಒಂದು ಗ್ರಾಂ, ಎರಡು ಗ್ರಾಂ ನಾಣ್ಯಕ್ಕೆ ಈ ಖರ್ಚು ತೂಕಕ್ಕೆ ಹೋಲಿಸಿದರೆ ಜಾಸ್ತಿ ಬೀಳುತ್ತದೆ. ಹಬ್ಬಕ್ಕೆ ಐನೂರು ರೂಪಾಯಿ ಹಾಕುವವರಿಗೆ ನಾನು ಬೇಡ ಅನ್ನುವುದಿಲ್ಲ. ಮಗಳ ಮದುವೆಯ ಲಕ್ಷಗಳನ್ನು ಮಾತ್ರ ಅಲ್ಲಿ ಇಡಬೇಡಿ.

ಹಂತ 5: ಗೋಲ್ಡ್ ಇಟಿಎಫ್, ಗೋಲ್ಡ್ ಫಂಡ್ ಕೊಳ್ಳುವ ಬಗೆ

ಇಟಿಎಫ್ ಅಂದರೆ ಮ್ಯೂಚುವಲ್ ಫಂಡ್ ಕಂಪನಿ ಎಲ್ಲರ ದುಡ್ಡು ಸೇರಿಸಿ ಚಿನ್ನದ ಗಟ್ಟಿ ಕೊಂಡು ಖಜಾನೆಯಲ್ಲಿಟ್ಟು, ಅದನ್ನು ಚಿಕ್ಕ ಚಿಕ್ಕ ಯೂನಿಟ್ ಮಾಡಿ ಷೇರು ಪೇಟೆಯಲ್ಲಿ ಬಿಟ್ಟಿರುವುದು. ನಮ್ಮ ದೇಶದಲ್ಲಿ ಇದು 2007ರಲ್ಲಿ ಶುರುವಾಯಿತು, ಆ ಮೊದಲನೆಯದು ಈಗಲೂ GOLDBEES ಅನ್ನುವ ಹೆಸರಲ್ಲಿ ನಡೆಯುತ್ತಿದೆ. ಚಿನ್ನ 995 ಶುದ್ಧತೆಗಿಂತ ಕಡಿಮೆ ಇರುವಂತಿಲ್ಲ, ಕಾಯುವ ಕಸ್ಟೋಡಿಯನ್ ಬೇರೆ ಸಂಸ್ಥೆ, ಎಲ್ಲದರ ಮೇಲೆ ಸೆಬಿ ಇದೆ. ಶುದ್ಧತೆಯ ಚಿಂತೆ ಇಲ್ಲಿ ನಿಮ್ಮ ತಲೆಯ ಮೇಲಿಲ್ಲ.

ಯೂನಿಟ್ ಕೊಳ್ಳುವಾಗ ಆ 3% ಜಿಎಸ್‌ಟಿ ಬೀಳುವುದಿಲ್ಲ. ಬದಲಿಗೆ ವರ್ಷಾವರ್ಷ ಒಂದು ಖರ್ಚಿದೆ, ಎಕ್ಸ್‌ಪೆನ್ಸ್ ರೇಷಿಯೋ. ಅದಕ್ಕೆ ನಿಮಗೆ ಬಿಲ್ಲು ಬರುವುದಿಲ್ಲ. ಫಂಡಿನೊಳಗಿನ ಚಿನ್ನದಲ್ಲೇ ಚೂರು ಚೂರು ಕಳೆಯುತ್ತಾ ಹೋಗುತ್ತದೆ. ವರ್ಷಕ್ಕೆ 0.6% ಅಂದರೆ ಒಂದು ಲಕ್ಷಕ್ಕೆ ಆರುನೂರು ರೂಪಾಯಿ. ಎಂಟು ವರ್ಷಕ್ಕೆ ಹೆಚ್ಚುಕಡಿಮೆ 4.7%. ಗಮನಿಸಿ, ಡಿಜಿಟಲ್ ಚಿನ್ನದಲ್ಲಿ ಒಮ್ಮೆಗೇ ಹೋದ 5.8% ಇಲ್ಲಿ ನಿಧಾನವಾಗಿ ಹೋಗುತ್ತದೆ. ಎರಡು ಮೂರು ವರ್ಷಕ್ಕೆ ಇಟಿಎಫ್ ತುಂಬಾ ಅಗ್ಗ, ಹತ್ತು ವರ್ಷ ದಾಟಿದರೆ ಅಂತರ ಉಳಿಯುವುದಿಲ್ಲ. ಅದಕ್ಕೇ ಖರ್ಚು ಕಡಿಮೆ ಇರುವ ಇಟಿಎಫ್ ಆರಿಸುವುದು ಮುಖ್ಯ.

ಕೊಳ್ಳುವ ಕ್ರಮ ಇಷ್ಟೇ. ಡಿಮ್ಯಾಟ್ ಖಾತೆ (ಷೇರು ಇಟ್ಟುಕೊಳ್ಳುವ ಖಾತೆ) ಬೇಕು. ಇಟಿಎಫ್ ಹೆಸರು ಹುಡುಕಿ, ದಿನಕ್ಕೆ ಎಷ್ಟು ಯೂನಿಟ್ ಕೈ ಬದಲಾಗುತ್ತಿದೆ ನೋಡಿ. ವ್ಯಾಪಾರ ತೀರಾ ಕಮ್ಮಿ ಇದ್ದರೆ ಬಿಟ್ಟುಬಿಡಿ, ಮಾರಲು ಹೋದಾಗ ಒಳ್ಳೆ ರೇಟು ಸಿಗುವುದಿಲ್ಲ. ಆಮೇಲೆ ಫಂಡಿನ ವೆಬ್‌ಸೈಟಿನಲ್ಲಿ iNAV ಅಂತ ಇರುತ್ತದೆ, ಆ ಕ್ಷಣದಲ್ಲಿ ಒಂದು ಯೂನಿಟ್‌ನೊಳಗಿನ ಚಿನ್ನದ ನಿಜವಾದ ಬೆಲೆ ಅದು. ಪೇಟೆಯ ರೇಟು ಅದಕ್ಕೆ ಹತ್ತಿರ ಇದೆಯಾ ನೋಡಿ. ಚಿನ್ನಕ್ಕೆ ಎಲ್ಲರೂ ಒಟ್ಟಿಗೆ ಮುಗಿಬಿದ್ದ ದಿನ ಪೇಟೆಯ ರೇಟು ಮೇಲಕ್ಕೆ ಹಾರಿರುತ್ತದೆ, ಅವತ್ತು ಕೊಂಡರೆ ಸುಮ್ನೆ ಜಾಸ್ತಿ ಕೊಟ್ಟಂತೆ. ಆರ್ಡರ್ ಹಾಕುವಾಗ Market ಬಿಟ್ಟು Limit ಆರಿಸಿ, ನೀವು ಕೊಡಲು ಸಿದ್ಧವಿರುವ ಬೆಲೆ ಬರೆಯಿರಿ.

ಡಿಮ್ಯಾಟ್ ಗೊಡವೆ ಬೇಡ ಅನ್ನುವವರಿಗೆ ಗೋಲ್ಡ್ ಫಂಡ್ ಇದೆ. ಅದು ನಿಮ್ಮ ಪರವಾಗಿ ಗೋಲ್ಡ್ ಇಟಿಎಫ್ ಕೊಳ್ಳುವ ಮ್ಯೂಚುವಲ್ ಫಂಡ್. ತಿಂಗಳಿಗೆ ಐನೂರು, ಸಾವಿರ ಅಂತ ಎಸ್‌ಐಪಿ ಹಾಕಬಹುದು. ಇದರ ಖರ್ಚು ಒಳಗಿನ ಇಟಿಎಫ್ ಖರ್ಚಿನ ಮೇಲೆ ಇನ್ನೊಂದು ಪದರ, ಅದಕ್ಕೆ Direct ಅಂತ ಬರೆದಿರುವುದನ್ನೇ ಆರಿಸಿ, Regular ನಲ್ಲಿ ಏಜೆಂಟರ ಕಮಿಷನ್ ಸೇರಿರುತ್ತದೆ. ಬೇಗ ವಾಪಸ್ ತೆಗೆದರೆ ಎಕ್ಸಿಟ್ ಲೋಡ್ ಅನ್ನುವ ಕಡಿತ ಇರಬಹುದು, ಅದನ್ನೂ ನೋಡಿಕೊಳ್ಳಿ.

ಹೆಸರು ನೋಡಿ ಮೋಸ ಹೋಗುವುದು ಒಂದಿದೆ. ಚಿನ್ನದ ಗಣಿ ಕಂಪನಿಗಳ ಷೇರು ಕೊಳ್ಳುವ ಫಂಡುಗಳ ಹೆಸರಲ್ಲೂ "ಗೋಲ್ಡ್" ಇರುತ್ತದೆ. ಅದು ಚಿನ್ನ ಅಲ್ಲ, ಷೇರು. ಫಂಡಿನ ವಿವರದಲ್ಲಿ "ಗೋಲ್ಡ್ ಇಟಿಎಫ್‌ನಲ್ಲಿ ಹಾಕುತ್ತೇವೆ" ಅಂತ ಇದೆಯಾ ಓದಿ.

ಇನ್ನು, "ಸರ್ಕಾರದ ಚಿನ್ನದ ಬಾಂಡ್ ಇತ್ತಲ್ಲ" ಅಂತ ಕೇಳುವವರಿಗೆ: 2024ರ ಫೆಬ್ರವರಿಯ ಕಂತಿನ ಮೇಲೆ ಹೊಸ ಬಾಂಡ್ ಬಿಟ್ಟಿಲ್ಲ. ಅದಕ್ಕೇ ಇಲ್ಲಿ ಸೇರಿಸಿಲ್ಲ.

ಹಂತ 6: ತೆರಿಗೆಯನ್ನೂ ಹಾಕಿ, ಮಗಳ ಸರದ ಲೆಕ್ಕ ಮುಗಿಸಿ

2024ರ ಜುಲೈ ಬಜೆಟ್ ಆದ ಮೇಲೆ ಚಿನ್ನದ ದೀರ್ಘಾವಧಿ ಲಾಭಕ್ಕೆ ತೆರಿಗೆ 12.5%, ಅದರ ಮೇಲೆ 4% ಸೆಸ್. ದೀರ್ಘಾವಧಿ ಅಂದರೆ ಇಟಿಎಫ್‌ಗೆ 12 ತಿಂಗಳು ದಾಟಿರಬೇಕು. ಗೋಲ್ಡ್ ಫಂಡ್, ಒಡವೆ, ಡಿಜಿಟಲ್ ಚಿನ್ನಕ್ಕೆ 24 ತಿಂಗಳು. ಅದಕ್ಕೂ ಮುಂಚೆ ಮಾರಿದರೆ ಲಾಭ ನಿಮ್ಮ ಆದಾಯಕ್ಕೆ ಸೇರಿ ನಿಮ್ಮ ಸ್ಲ್ಯಾಬ್ ಪ್ರಕಾರ ತೆರಿಗೆ.

ಈಗ ಮೊದಲ ಪ್ರಶ್ನೆಗೆ ಬನ್ನಿ. ಎಂಟು ವರ್ಷದಲ್ಲಿ ರೇಟು ಎರಡು ಪಟ್ಟಾಯಿತು ಅಂದುಕೊಳ್ಳೋಣ. 22 ಕ್ಯಾರಟ್ ಗ್ರಾಂಗೆ 22,000. ಅವತ್ತು ಹೊಸ ಸರ ಕೊಂಡರೆ 12% ಮೇಕಿಂಗ್, 3% ಜಿಎಸ್‌ಟಿ ಸೇರಿ ಗ್ರಾಂಗೆ 25,379 ಬೀಳುತ್ತದೆ.

ಮೊದಲ ದಾರಿ: ಇವತ್ತೇ ಸರ ಮಾಡಿಸಿದಿರಿ, ಮಗಳು ಅದನ್ನೇ ಹಾಕಿಕೊಂಡಳು. ಅವಳ ಕೊರಳಲ್ಲಿ 8 ಗ್ರಾಂ.

ಎರಡನೇ ದಾರಿ: 1,01,570 ಇಟಿಎಫ್‌ನಲ್ಲಿ ಹಾಕಿದಿರಿ. ಎರಡು ಪಟ್ಟಾಗಿ, ಎಂಟು ವರ್ಷದ ಖರ್ಚು ಕಳೆದು ಸುಮಾರು 1,93,600. ಲಾಭದ ಮೇಲೆ ತೆರಿಗೆ 12,000 ಹತ್ತಿರ. ಕೈಯಲ್ಲಿ 1,81,600. ಅದರಲ್ಲಿ ಬರುವ ಸರ 7.16 ಗ್ರಾಂ.

ಮೂರನೇ ದಾರಿ: ಇವತ್ತು ಸರ ಮಾಡಿಸಿದಿರಿ, ಆದರೆ ಎಂಟು ವರ್ಷದ ಮೇಲೆ ಮಗಳು "ಅಮ್ಮಾ, ಈ ಡಿಸೈನ್ ಯಾರು ಹಾಕ್ತಾರೆ ಈಗ" ಅಂದಳು. ಹಳೇದು ಕೊಟ್ಟು ಹೊಸದು ತಗೊಂಡಿರಿ. ಅಂಗಡಿಯವರು ಪೂರ್ತಿ 1,76,000 ಹಿಡಿದರೂ ಹೊಸ ಸರ 6.93 ಗ್ರಾಂ ಮಾತ್ರ, ಯಾಕೆಂದರೆ ಮೇಕಿಂಗ್, ಜಿಎಸ್‌ಟಿ ಎರಡನೇ ಸಲ ಕೊಟ್ಟಿರಿ. ಕಾನೂನಿನ ಕಣ್ಣಲ್ಲಿ ಬದಲಾಯಿಸುವುದೂ ಮಾರಾಟವೇ, ತೆರಿಗೆ ಅದಕ್ಕೂ ಇದೆ. ಅದನ್ನೂ ಕಟ್ಟಿದರೆ ಆರೂವರೆ ಗ್ರಾಂಗೆ ಇಳಿಯುತ್ತದೆ. ಲಾಕರ್ ಬಾಡಿಗೆ ಬೇರೆ.

ಈ ಮೂರು ಅಂಕಿ ನೋಡಿದಾಗ ನನಗೇ ಅಚ್ಚರಿಯಾಗಿತ್ತು. "ಒಡವೆ ಕೊಳ್ಳುವುದು ದಡ್ಡತನ, ಫಂಡೇ ಸರಿ" ಅಂತ ಎಲ್ಲರೂ ಹೇಳುತ್ತಾರೆ, ಆದರೆ ಅದೇ ಒಡವೆಯನ್ನು ಹಾಕಿಕೊಳ್ಳುವುದು ಖಂಡಿತ ಅಂತಿದ್ದರೆ ಇವತ್ತು ಕೊಳ್ಳುವುದೇ ಮೇಲು. ಬದಲಾಯಿಸುವ ಸಾಧ್ಯತೆ ಇದ್ದರೆ ಫಂಡ್ ಮೇಲು. ಕರಿಮಣಿ ಸರ, ಸಾದಾ ಬಳೆ, ತಾಯಿ ಕಾಲದಿಂದ ಮನೆಯಲ್ಲಿ ನಡೆದು ಬಂದ ಅವಲಕ್ಕಿ ಸರ, ಇವು ಹಳೇದಾಗುವುದಿಲ್ಲ. ಫ್ಯಾಷನ್ ಸೆಟ್, ಕಲ್ಲಿನ ನೆಕ್ಲೇಸ್ ಐದು ವರ್ಷಕ್ಕೇ ಹಳೇದು. ಎಂಟು ವರ್ಷ ಮುಂಚೆಯೇ ಮದುವೆಗೆ ಅಂತ ನೆಕ್ಲೇಸ್ ಸೆಟ್ ಮಾಡಿಸಿ ಇಡುವುದನ್ನು ನಾನು ಬೇಡ ಅಂತಲೇ ಹೇಳುವೆ.

ಮಾರುವುದೇ ಉದ್ದೇಶ, ಅಂದರೆ ಮನೆ ಕಟ್ಟಲು, ಓದಿಗೆ ಅಂತ ಕೂಡಿಡುವ ಚಿನ್ನವಾದರೆ ಯೋಚನೆಯೇ ಬೇಡ. ಇಟಿಎಫ್, ಇಲ್ಲ ಗೋಲ್ಡ್ ಫಂಡ್.

ಹಂತ 7: ಇಡುವ ಏರ್ಪಾಡು

ಒಡವೆ ಕೊಂಡಿರಿ, ಈಗ ಲಾಕರ್. ಲಾಕರ್‌ನಲ್ಲಿಟ್ಟರೆ ಬ್ಯಾಂಕು ಜವಾಬ್ದಾರಿ ಅಂತ ಬಹಳ ಜನ ತಿಳಿದಿದ್ದಾರೆ. ಅದಕ್ಕೆ ಮಿತಿ ಇದೆ. 2022ರ ಜನವರಿಯಿಂದ ಜಾರಿಯಲ್ಲಿರುವ ಆರ್‌ಬಿಐ ನಿಯಮದಂತೆ ಕಳ್ಳತನ, ದರೋಡೆ, ಬೆಂಕಿ, ಕಟ್ಟಡ ಕುಸಿತ, ಸಿಬ್ಬಂದಿಯ ಮೋಸದಿಂದ ನಷ್ಟವಾದರೆ ಬ್ಯಾಂಕು ಕೊಡುವುದು ವರ್ಷದ ಬಾಡಿಗೆಯ ನೂರು ಪಟ್ಟಿನವರೆಗೆ. ಬಾಡಿಗೆ 3,000 ಆದರೆ ಹೆಚ್ಚೆಂದರೆ ಮೂರು ಲಕ್ಷ, ಒಳಗೆ ಇಪ್ಪತ್ತು ಲಕ್ಷದ ಒಡವೆ ಇದ್ದರೂ ಅಷ್ಟೇ. ಬ್ಯಾಂಕಿನ ತಪ್ಪಿಲ್ಲದೆ ಪ್ರವಾಹ, ಭೂಕಂಪ, ಸಿಡಿಲಿನಿಂದ ಹಾಳಾದರೆ ಅದೂ ಇಲ್ಲ. ಲಾಕರಿನಲ್ಲಿ ಏನಿದೆ ಅಂತ ಬ್ಯಾಂಕಿಗೆ ಗೊತ್ತಿರುವುದೂ ಇಲ್ಲ. ಒಡವೆ ಜಾಸ್ತಿ ಇದ್ದರೆ ಬೇರೆಯಾಗಿ ವಿಮೆ ಮಾಡಿಸಿ, ಮನೆ ವಿಮೆಯ ಜೊತೆ ಒಡವೆ ಸೇರಿಸುವ ಪಾಲಿಸಿ ಕೇಳಿ, ಅದರಲ್ಲಿ ಲಾಕರಿನಲ್ಲಿ ಇದ್ದಾಗಲೂ, ಮದುವೆಮನೆಯಲ್ಲಿ ಮೈಮೇಲೆ ಇದ್ದಾಗಲೂ ಅನ್ವಯಿಸುತ್ತದೆಯೇ ಅಂತ ಓದಿ ನೋಡಿ.

ಏಳು ವರ್ಷ ಲಾಕರ್ ಕಡೆ ತಲೆ ಹಾಕದಿದ್ದರೆ, ಬಾಡಿಗೆ ಕಟ್ಟುತ್ತಿದ್ದರೂ, ಮತ್ತು ನಿಮ್ಮನ್ನು ಸಂಪರ್ಕಿಸಲು ಆಗದಿದ್ದರೆ, ಬ್ಯಾಂಕು ಅದನ್ನು ತೆರೆಯಬಹುದು. ಊರು ಬಿಟ್ಟು ದುಬೈ, ಅಮೆರಿಕದಲ್ಲಿರುವವರು ರಜಕ್ಕೆ ಬಂದಾಗ ಒಮ್ಮೆಯಾದರೂ ತೆರೆದು ಬನ್ನಿ.

ಲಾಕರಿಗೆ ಇಡುವ ಮುಂಚೆ ಪ್ರತಿ ಒಡವೆಯನ್ನೂ ಚಿಕ್ಕ ತಕ್ಕಡಿಯ ಮೇಲಿಟ್ಟು, ತೂಕ ಕಾಣುವ ಹಾಗೆ ಫೋಟೋ ತೆಗೆಯಿರಿ. ಒಂದು ಹಾಳೆಯಲ್ಲಿ ಒಡವೆಯ ಹೆಸರು, ನೆಟ್ ವೇಟ್, ಎಚ್‌ಯುಐಡಿ, ಬಿಲ್ಲಿನ ತಾರೀಕು ಬರೆದು ಬಿಲ್ಲುಗಳ ಜೊತೆ ಮನೆಯಲ್ಲಿಡಿ. ಬಿಲ್ಲನ್ನು ಲಾಕರಿನೊಳಗೇ ಇಡಬೇಡಿ, ಒಡವೆ ಹೋದರೆ ಬಿಲ್ಲೂ ಹೋಗುತ್ತದೆ. ಅಂಗಡಿ ಬಿಲ್ಲಿನ ಮಸಿ ಎರಡು ಮೂರು ವರ್ಷಕ್ಕೆ ಮಾಸಿಹೋಗುತ್ತದೆ, ಅದರದ್ದೂ ಫೋಟೋ ಇರಲಿ.

ಫಂಡ್, ಇಟಿಎಫ್, ಡಿಜಿಟಲ್ ಚಿನ್ನ ಕೊಂಡವರಿಗೆ ಕಳ್ಳರ ಭಯ ಇಲ್ಲ, ಆದರೆ ಮನೆಯವರಿಗೆ ಗೊತ್ತೇ ಇಲ್ಲದೆ ಉಳಿದುಬಿಡುವ ಭಯ ಇದೆ. ಬೀರುವಿನ ಸರ ಎಲ್ಲರ ಕಣ್ಣಿಗೆ ಬೀಳುತ್ತದೆ, ಫೋನಿನೊಳಗಿನ ಚಿನ್ನ ಬೀಳುವುದಿಲ್ಲ. ಡಿಮ್ಯಾಟ್ ಖಾತೆಯಲ್ಲಿ, ಫಂಡಿನಲ್ಲಿ, ಲಾಕರಿನಲ್ಲಿ ನಾಮಿನಿ ಹೆಸರು ಇದೆಯಾ ಇವತ್ತೇ ನೋಡಿ. ಆ ಹಾಳೆಯ ಕೆಳಗೇ ಯಾವ ಫಂಡು, ಫೋಲಿಯೋ ನಂಬರು ಎಷ್ಟು, ಡಿಮ್ಯಾಟ್ ಯಾರ ಹತ್ತಿರ ಅಂತ ಮೂರು ಸಾಲು ಬರೆದು, ಗಂಡನಿಗೋ ಹೆಂಡತಿಗೋ ಅದು ಎಲ್ಲಿದೆ ಅಂತ ತೋರಿಸಿಬಿಡಿ.